ಫ್ರಿಜ್‌ನಲ್ಲಿ ಹಾಲಿಗೊಂದು ಜಾಗ, ಮೊಸರಿಗೊಂದು ಜಾಗ

ಬೆಳಿಗ್ಗೆ ಬಂದ ಹಾಲಿನ ಪ್ಯಾಕೆಟ್ಟುಗಳಲ್ಲಿ ಒಂದನ್ನು ಕಾಯಿಸಲಿಕ್ಕೆ ಇಟ್ಟು, ಉಳಿದದ್ದನ್ನು ಫ್ರಿಜ್ ಬಾಗಿಲಿನ ಅರೆಯಲ್ಲಿ ನಿಲ್ಲಿಸುವುದು ಬಹಳ ಮನೆಗಳ ರೂಢಿ. ಕೈಗೆ ಬೇಗ ಸಿಗುತ್ತದೆ, ಬಾಟಲಿಗಳ ನಡುವೆ ಬೀಳದೆ ನಿಲ್ಲುತ್ತದೆ. ಆದರೆ ಇಡೀ ಫ್ರಿಜ್‌ನಲ್ಲಿ ಹಾಲಿಗೆ ಹೊಂದದ ಜಾಗ ಯಾವುದಾದರೂ ಇದ್ದರೆ ಅದು ಬಾಗಿಲೇ. ಮೊಸರಿಗೂ ಅದು ಸಲ್ಲದು, ಅದಕ್ಕೆ ಕಾರಣ ಮಾತ್ರ ಬೇರೆ.

ನಮ್ಮಲ್ಲಿ ಸಾಮಾನ್ಯವಾಗಿರುವ ಸಿಂಗಲ್ ಡೋರ್ ಫ್ರಿಜ್ಜನ್ನೇ ತೆಗೆದುಕೊಳ್ಳೋಣ. ಅದರಲ್ಲಿ ತಂಪು ಹುಟ್ಟುವುದು ಮೇಲಿನ ಫ್ರೀಜರ್ ಡಬ್ಬಿಯಲ್ಲಿ. ಅಲ್ಲಿ ತಣಿದ ಗಾಳಿ ಭಾರವಾಗಿ ತಾನಾಗಿಯೇ ಕೆಳಗಿಳಿಯುತ್ತದೆ. ಹಾಗಾಗಿ ಫ್ರೀಜರಿನ ಕೆಳಗೇ ಇರುವ ಚಿಲ್ಲರ್ ಟ್ರೇ ಎಲ್ಲಕ್ಕಿಂತ ತಣ್ಣಗಿರುತ್ತದೆ. ಅದರ ಕೆಳಗಿನ ತಟ್ಟೆಗಳಲ್ಲಿ ಹಿಂಭಾಗ ಮುಂಭಾಗಕ್ಕಿಂತ ತಂಪು. ಬಾಗಿಲಿನ ಅರೆಗಳಾದರೋ ತೆರೆದಾಗಲೆಲ್ಲ ಅಡುಗೆಮನೆಯ ಬಿಸಿಗಾಳಿಗೆ ಪೂರ್ತಿ ಹೊರಬರುತ್ತವೆ. ಡಬಲ್ ಡೋರ್ ಫ್ರಿಜ್‌ನಲ್ಲಿ ಫ್ಯಾನ್ ಗಾಳಿಯನ್ನು ತಳ್ಳುವುದರಿಂದ ಹಿಂಗೋಡೆಯ ಕಿಂಡಿಗಳ ಹತ್ತಿರ ಹೆಚ್ಚು ತಂಪಿರುತ್ತದೆ. ಬಾಗಿಲಿನ ಕತೆ ಅಲ್ಲಿಯೂ ಅದೇ.

ನಿಮ್ಮ ಫ್ರಿಜ್‌ನ ಲೆಕ್ಕ ನೀವೇ ತಿಳಿಯಬಹುದು. ಒಂದು ಸಣ್ಣ ಫ್ರಿಜ್ ಥರ್ಮಾಮೀಟರನ್ನು ಲೋಟದ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಒಂದು ಜಾಗದಲ್ಲಿ ಬಿಟ್ಟು, ಬೆಳಿಗ್ಗೆ ಮೊದಲ ಬಾರಿ ಬಾಗಿಲು ತೆರೆದಾಗ ಓದಿ. ಇನ್ನೊಂದು ದಿನ, ಎಲ್ಲರೂ ಬಾಗಿಲು ತೆಗೆದು ಹಾಕಿದ ಮೇಲೆ, ಸಂಜೆ ಓದಿ. ಬರೀ ಗಾಳಿಯಲ್ಲಿ ಅಳೆದರೆ ಬಾಗಿಲು ತೆರೆದ ಕ್ಷಣಕ್ಕೇ ಸಂಖ್ಯೆ ಏರಿಬಿಡುತ್ತದೆ, ಹಾಲಿನ ಸ್ಥಿತಿ ಗೊತ್ತಾಗುವುದಿಲ್ಲ. ಚಿಲ್ಲರ್ ಟ್ರೇಯಲ್ಲಿ 1 ಡಿಗ್ರಿ ಸೆಲ್ಸಿಯಸ್, ಮೊದಲ ತಟ್ಟೆಯ ಹಿಂಭಾಗದಲ್ಲಿ 4, ನಡುವಿನ ತಟ್ಟೆಯಲ್ಲಿ 5, ಬಾಗಿಲಿನಲ್ಲಿ ಸಂಜೆಗೆ 9 ಬಂತು ಎಂದುಕೊಳ್ಳಿ. ಆಗ ಒಡೆಯದ ಪ್ಯಾಕೆಟ್ಟು ಚಿಲ್ಲರ್ ಟ್ರೇಗೆ, ಕಾಯಿಸಿ ಆರಿಸಿದ ಹಾಲಿನ ಪಾತ್ರೆ ಮೊದಲ ತಟ್ಟೆಯ ಹಿಂದಕ್ಕೆ, ಮೊಸರು ನಡುವಿನ ತಟ್ಟೆಗೆ. ಬಾಗಿಲು ನೀರಿನ ಬಾಟಲಿಗೆ, ಉಪ್ಪಿನಕಾಯಿಗೆ ಸಾಕು.

4 ಮತ್ತು 9ರ ನಡುವೆ ಅಂಥದ್ದೇನು ವ್ಯತ್ಯಾಸ? ಡೈರಿಯಲ್ಲಿ ಪಾಶ್ಚರೀಕರಣಕ್ಕೆ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸುತ್ತಾರೆ. ರೋಗ ತರುವ ಸೂಕ್ಷ್ಮಜೀವಿಗಳು ಅದರಲ್ಲಿ ಸಾಯುತ್ತವೆ, ಆದರೆ ಹಾಲು ಪೂರ್ತಿ ನಿರ್ಜೀವವಾಗುವುದಿಲ್ಲ. ತಂಪಿನಲ್ಲೂ ಬೆಳೆಯಬಲ್ಲ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಆಮೇಲೆ ಒಂದಿಷ್ಟು ಸೇರಿಕೊಳ್ಳುತ್ತವೆ. 4 ಡಿಗ್ರಿಯಲ್ಲಿ ಅವು ಮೆಲ್ಲಗೆ ಹೆಚ್ಚುತ್ತವೆ. ಅಲ್ಲಿಂದ ಮೂರು ನಾಲ್ಕು ಡಿಗ್ರಿ ಏರಿದರೂ ಹಾಲು ಬಾಳುವ ದಿನಗಳು ಸರಿಸುಮಾರು ಅರ್ಧಕ್ಕೆ ಇಳಿಯುತ್ತವೆ. ಏರಿದ ಹೊತ್ತಿನಲ್ಲಿ ಹೆಚ್ಚಿದ ಬ್ಯಾಕ್ಟೀರಿಯಾ ಮತ್ತೆ ತಣ್ಣಗಾದಾಗ ಕಡಿಮೆಯಾಗುವುದಿಲ್ಲ. ಅದಕ್ಕೇ ಏರಿಳಿತ ಇಷ್ಟು ಹಾನಿ ಮಾಡುವುದು: ದಿನವೂ ಆದ ಸಣ್ಣ ಸಣ್ಣ ಬಿಸಿಗಳು ಕೂಡುತ್ತಲೇ ಹೋಗುತ್ತವೆ, ಯಾವುದೂ ವಜಾ ಆಗುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಬಿಡುವ ಕಿಣ್ವಗಳಲ್ಲಿ ಕೆಲವು ಕಾಯಿಸಿದರೂ ಪೂರ್ತಿ ನಾಶವಾಗವು. ಒಡೆಯದೆ ಕಾದ ಹಾಲು ಕೆಲವೊಮ್ಮೆ ನಾಲಗೆಗೆ ಕಹಿಯಾಗಿಯೋ ಸಾಬೂನಿನಂತೆಯೋ ಹತ್ತುವುದು ಇವುಗಳಿಂದಲೇ. ಅಂಥ ಹಾಲನ್ನು ಬಳಸಬಾರದು.

ತೀರಾ ತಂಪಿನದೂ ಒಂದು ತೊಂದರೆ ಇದೆ. ಹಾಲು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಬೇಸಿಗೆಯಲ್ಲಿ ಗುಂಡಿಯನ್ನು ಕೊನೆಯ ಸಂಖ್ಯೆಗೆ ತಿರುಗಿಸಿಟ್ಟ ಫ್ರಿಜ್‌ನ ಚಿಲ್ಲರ್ ಟ್ರೇಯಲ್ಲಿ ಪ್ಯಾಕೆಟ್ಟಿನ ಅಂಚು ಮಂಜುಗಟ್ಟುವುದು ಹೀಗೆ. ಕರಗಿದ ಮೇಲೆ ಜಿಡ್ಡು ಸಣ್ಣ ಹನಿಗಳಾಗಿ ತೇಲುತ್ತದೆ. ಹಾಲು ಕೆಟ್ಟಿಲ್ಲ, ಕಾಯಿಸಿ ಬಳಸಬಹುದು. ಗುಂಡಿಯನ್ನು ಮಾತ್ರ ಒಂದು ಸಂಖ್ಯೆ ಇಳಿಸಿ. ಮೊಸರಿಗೆ ಇದೇ ಆದರೆ ಸರಿಪಡಿಸಲಾಗದು. ಅದರ ಗಟ್ಟಿತನ ಪ್ರೋಟೀನಿನ ನವಿರಾದ ಬಲೆಯದು. ಮಂಜಿನ ಹರಳು ಬಲೆಯನ್ನು ಹರಿದರೆ ಮೊಸರು ಹರಳುಹರಳಾಗಿ ನೀರು ಬಿಟ್ಟುಬಿಡುತ್ತದೆ.

ಮೊಸರು ಕೇಳುವುದು ಅತಿ ತಂಪನ್ನಲ್ಲ, ನೆಮ್ಮದಿಯ ಜಾಗವನ್ನು. ಬಾಗಿಲಿನ ಅರೆಯಲ್ಲಿ ಪ್ರತಿ ಸಲವೂ ಕುಲುಕಾಟ. ಪ್ರೋಟೀನಿನ ಬಲೆ ಬಿರುಕು ಬಿಟ್ಟು, ಮೇಲೆ ಹಳದಿ ಹಸಿರು ನೀರು ನಿಲ್ಲುತ್ತದೆ. ಜೊತೆಗೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಫ್ರಿಜ್‌ನಲ್ಲಿ ಸಾಯುವುದಿಲ್ಲ, ಮಂದವಾಗುತ್ತವೆ ಅಷ್ಟೆ. 9 ಡಿಗ್ರಿಯಲ್ಲಿ ಅವು ಹುಳಿ ಮಾಡುವುದನ್ನು ಮುಂದುವರಿಸುತ್ತವೆ, ಹುಳಿ ಏರಿದಂತೆ ಬಲೆ ಕುಗ್ಗಿ ಇನ್ನಷ್ಟು ನೀರು ಹಿಂಡುತ್ತದೆ. ಆದ್ದರಿಂದ ಮೊಸರು ಗಟ್ಟಿಯಾದ ತಕ್ಷಣ, ಪಾತ್ರೆ ಓರೆ ಮಾಡಿದರೆ ಅಂಚು ಬಿಡದಂತಾದ ಹೊತ್ತಿಗೇ, ಅಲ್ಲಾಡಿಸದೆ ಒಳಗಿಡಬೇಕು. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಒಳಗಿಟ್ಟ ಮೊಸರು ಆಗಲೇ ಹುಳಿಯಾಗಿರುತ್ತದೆ, ಅದನ್ನು ಯಾವ ಫ್ರಿಜ್ಜೂ ಸಿಹಿ ಮಾಡಲಾರದು. ಬಡಿಸಿದ ಮೇಲೆ ಪಾತ್ರೆಯನ್ನು ಊಟದ ಮೇಜಿನ ಮೇಲೆ ಗಂಟೆಗಟ್ಟಲೆ ಬಿಟ್ಟು ಮತ್ತೆ ಒಳಗಿಡುವುದೂ ಇದೇ ಏರಿಳಿತವೇ. ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು ಪಾತ್ರೆಯನ್ನು ಕೂಡಲೇ ಹಿಂದಿರುಗಿಸುವುದು ಲೇಸು.

ಬಿಸಿ ಹಾಲನ್ನು ಹಾಗೇ ಫ್ರಿಜ್‌ಗೆ ಇಟ್ಟರೆ ಪಕ್ಕದ ಮೊಸರೂ ಬೆಚ್ಚಗಾಗುತ್ತದೆ. ಹಾಗೆಂದು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಬಿಟ್ಟರೆ ಕಾಯಿಸಿದ್ದಕ್ಕೆ ಅರ್ಥವಿಲ್ಲ. ಕುದಿಸಿದರೂ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಆ ಬೆಚ್ಚನೆಯಲ್ಲೇ ಏಳುವುದು. ಅಗಲವಾದ ಬೋಗುಣಿಯ ತಣ್ಣೀರಿನಲ್ಲಿ ಪಾತ್ರೆ ಇಟ್ಟು, ನೀರನ್ನು ಒಂದೆರಡು ಸಲ ಬದಲಿಸಿ. ಪಾತ್ರೆಯ ಬಿಸಿ ಕೈಗೆ ತಾಗದಂತಾದಾಗ ಮುಚ್ಚಿ ಒಳಗಿಡಿ.

ಮುಚ್ಚುವುದು ಧೂಳಿಗಷ್ಟೇ ಅಲ್ಲ. ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ, ಮೀನು, ಮಲೆನಾಡಿನ ಮಳೆಗಾಲದಲ್ಲಿ ಹಲಸಿನ ತೊಳೆ, ಇವುಗಳ ವಾಸನೆಯ ಅಣುಗಳಲ್ಲಿ ಬಹಳವು ಜಿಡ್ಡಿನಲ್ಲಿ ಸುಲಭವಾಗಿ ಕರಗುತ್ತವೆ. ತೆರೆದ ಪಾತ್ರೆಯ ಮೇಲೆ ನಿಂತ ಕೆನೆ ಅವನ್ನು ಹತ್ತಿಯಂತೆ ಹೀರಿಕೊಳ್ಳುತ್ತದೆ. ಗಟ್ಟಿ ಹಾಲು, ಕೆನೆ ಮೊಸರು ಬೇಗ ವಾಸನೆ ಹಿಡಿಯುವುದು ಇದಕ್ಕೇ. ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಾಳೆ ನೀರನ್ನು ತಡೆಯುತ್ತದೆ, ವಾಸನೆಯನ್ನು ಅಷ್ಟಾಗಿ ತಡೆಯದು. ಹಾಗಾಗಿ ಒಡೆಯದ ಪ್ಯಾಕೆಟ್ಟನ್ನೂ ಈರುಳ್ಳಿಯ ಪಕ್ಕದಲ್ಲಿ ದಿನಗಟ್ಟಲೆ ಇಡಬಾರದು. ಪ್ಲಾಸ್ಟಿಕ್ ಡಬ್ಬಿ ಹಳೆಯ ಉಪ್ಪಿನಕಾಯಿಯ ವಾಸನೆಯನ್ನು ಹಿಡಿದಿಟ್ಟುಕೊಂಡು ಮೊಸರಿಗೆ ದಾಟಿಸುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಎರಡೂ ಕೆಲಸಕ್ಕೆ ಒಳ್ಳೆಯದು. ಇನ್ನೂ ಮುಖ್ಯವಾಗಿ, ವಾಸನೆ ಬಿಡುವ ಪದಾರ್ಥವನ್ನೇ ಮೊದಲು ಡಬ್ಬಿಗೆ ಹಾಕಿ ಮುಚ್ಚಬೇಕು. ಫ್ಯಾನ್ ಇರುವ ಫ್ರಿಜ್‌ನಲ್ಲಿ ಒಂದೇ ಗಾಳಿ ಎಲ್ಲ ಕಡೆ ಸುತ್ತುವುದರಿಂದ ದೂರದ ತಟ್ಟೆಗೆ ಸರಿಸಿದರೆ ಸಾಲದು.

ಹಾಲಿಗೆ ಹಿಡಿದದ್ದು ಹೊರಗಿನ ವಾಸನೆಯೋ, ಹಾಲೇ ಕೆಟ್ಟಿದೆಯೋ? ಕೆನೆಯನ್ನು ತೆಗೆದು ಕೆಳಗಿನ ಹಾಲನ್ನು ಮೂಸಿ. ವಾಸನೆ ಈರುಳ್ಳಿಯದೇ ಎಂದು ಗುರುತು ಸಿಕ್ಕಿ, ಕೆಳಗೆ ಅದು ಕಡಿಮೆಯಿದ್ದು, ಒಂದು ಚಮಚೆ ಕಾಯಿಸಿದಾಗ ಒಡೆಯದೆ, ರುಚಿಯೂ ಸರಿಯಿದ್ದರೆ ಅದು ಹೊರಗಿನಿಂದ ಬಂದದ್ದಿರಬೇಕು. ಹುಳಿ ವಾಸನೆ ಇದ್ದರೆ, ಕಾಯಿಸಿದಾಗ ಒಡೆದರೆ, ರುಚಿ ಕಹಿಯಾಗಿದ್ದರೆ ಚೆಲ್ಲಿ. ಮೊಸರಿನ ಮೇಲೆ ಬೂಷ್ಟು ಕಂಡರೆ ಆ ಭಾಗ ತೆಗೆದು ಉಳಿದದ್ದನ್ನು ಉಣ್ಣುವುದೂ ಬೇಡ, ಅದರ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಇನ್ನು ಕರೆಂಟು ಹೋದರೆ, ಬಾಗಿಲು ಮುಚ್ಚಿಯೇ ಇದ್ದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಾಲನ್ನು ಮೊದಲು ನೋಡಿ, ಮೊಸರನ್ನು ಆಮೇಲೆ.