ವಂದನಾರ್ಪಣೆ

ಸಮಾರಂಭದಲ್ಲಿ ಅಧ್ಯಕ್ಷರ ಭಾಷಣ ಮುಗಿದ ಮೇಲೆ ಸಭಿಕರ ಮನಸ್ಸು ಮನೆಯ ಕಡೆಗೆ ತಿರುಗುತ್ತದೆ. ರಾಷ್ಟ್ರಗೀತೆ ಮೊದಲಾಗುವುದಕ್ಕೆ ಮುಂಚಿನ ಆ ಅಲ್ಪಕಾಲದಲ್ಲಿ ವಂದನಾರ್ಪಣೆ ನಡೆಯಬೇಕು. ಮಾತು ದೀರ್ಘವಾದರೆ ಕೇಳುವವರಿರುವುದಿಲ್ಲ. ಅವಸರವಾದರೆ ನೆನೆಯಬೇಕಾದವರೇ ಬಿಟ್ಟುಹೋಗುತ್ತಾರೆ. ವಿಚಿತ್ರವೆಂದರೆ, ಈ ಎರಡು ದೋಷಗಳೂ ಒಂದೇ ಬರಹದಲ್ಲಿ ಕೂಡಿರುವುದುಂಟು.

ತುಮಕೂರು ನಗರದ ಕಾಲೇಜೊಂದರಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವ ನಡೆಯಲಿದೆ ಎಂದು ಭಾವಿಸೋಣ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಿತವಾದ ಗುಬ್ಬಿಯ ರಂಗಕಲಾವಿದರೊಬ್ಬರು ಉದ್ಘಾಟಕರು. ಕುಣಿಗಲಿನ ನಿವೃತ್ತ ಅಧ್ಯಾಪಕರೊಬ್ಬರು ಮುಖ್ಯ ಅತಿಥಿಗಳು. ಅಧ್ಯಕ್ಷತೆ ಪ್ರಾಂಶುಪಾಲರದು. ಸಂಘದ ಕಾರ್ಯದರ್ಶಿಯಾದ ವಿದ್ಯಾರ್ಥಿನಿ ಬರೆದ ವಂದನಾರ್ಪಣೆಯ ಮೊದಲ ಕರಡು ಹೀಗಿದೆ:

“ನಮ್ಮ ನೆಚ್ಚಿನ, ಪೂಜ್ಯ ಪ್ರಾಂಶುಪಾಲರಿಗೆ ಅನಂತ ಧನ್ಯವಾದಗಳು. ತಮ್ಮ ಅಮೂಲ್ಯವಾದ ವೇಳೆಯನ್ನು ನಮಗಾಗಿ ವ್ಯಯಿಸಿದ ಮುಖ್ಯ ಅತಿಥಿಗಳಿಗೆ ಹೃತ್ಪೂರ್ವಕ ವಂದನೆಗಳು. ಉದ್ಘಾಟಕರಿಗೆ ಅನಂತಾನಂತ ವಂದನೆಗಳು. ಅಧ್ಯಕ್ಷತೆ ವಹಿಸಿದ ಪ್ರಾಂಶುಪಾಲರಿಗೆ ಧನ್ಯವಾದಗಳು. ಬಹುಮಾನ ವಿತರಿಸಿದ ಪ್ರಾಂಶುಪಾಲರಿಗೆ ಮತ್ತೊಮ್ಮೆ ಧನ್ಯವಾದಗಳು. ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ ವಂದನೆಗಳು.”

ಇಲ್ಲಿ ಪ್ರಾಂಶುಪಾಲರಿಗೆ ಮೂರು ಸಲ ವಂದನೆ ಸಂದಿದೆ. ಆದರೆ ಯಾವ ಅತಿಥಿ ಏನು ಮಾಡಿದರೆಂಬುದು ತಿಳಿಯುವುದಿಲ್ಲ. ಬೆಳಗಿನಿಂದ ಕುರ್ಚಿ ಜೋಡಿಸಿದ ಜವಾನರು “ಸರ್ವರಿಗೂ” ಎಂಬ ಮಾತಿನಲ್ಲಿ ಮರೆಯಾಗಿದ್ದಾರೆ. ಎಲ್ಲರನ್ನೂ ಒಳಗೊಳ್ಳುವಂತೆ ತೋರುವ ಆ ವಾಕ್ಯ ಯಾರನ್ನೂ ಮುಟ್ಟುವುದಿಲ್ಲ.

‘ಕೃತ’ ಎಂದರೆ ಮಾಡಿದ್ದು. ‘ಜ್ಞ’ ಎಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನೇ ಕೃತಜ್ಞ. ತಿದ್ದುವ ಕ್ರಮವೂ ಈ ಪದದಲ್ಲಿಯೇ ಅಡಗಿದೆ. ಒಂದು ಹಾಳೆಯ ಎಡಗಡೆ ವ್ಯಕ್ತಿಯ ಹೆಸರನ್ನೂ ಬಲಗಡೆ ಅವರು ಮಾಡಿದ ಕೆಲಸವನ್ನೂ ಬರೆಯಬೇಕು. ಒಂದೇ ಹೆಸರು ಎರಡು ಸಲ ಬಂದರೆ ಕೆಲಸಗಳನ್ನು ಒಟ್ಟುಗೂಡಿಸಿ ಒಂದು ಹೆಸರನ್ನು ಹೊಡೆದುಹಾಕಬೇಕು. ಬಲಗಡೆ ಬರಿದಾಗಿದ್ದರೆ ಅಲ್ಲಿ ನಡೆದ ಕೆಲಸವನ್ನು ಕೇಳಿ ತಿಳಿದು ತುಂಬಬೇಕು. ಆ ಬರಿದನ್ನು ಮುಚ್ಚುವುದಕ್ಕಾಗಿಯೇ ‘ಅನಂತ’, ‘ಹೃತ್ಪೂರ್ವಕ’ ಮೊದಲಾದ ವಿಶೇಷಣಗಳು ಕರಡಿನಲ್ಲಿ ನುಸುಳಿವೆ.

ಅನಂತರ ಸರದಿಯ ವಿಚಾರ. ಹೊರಗಿನಿಂದ ಬಂದ ಅತಿಥಿಗಳು ಮೊದಲು, ಮನೆಯವರಂತಿರುವ ಅಧ್ಯಕ್ಷರು ಆಮೇಲೆ. ವೇದಿಕೆ ಮುಗಿದ ಬಳಿಕ ಅದರ ಹಿಂದೆ ದುಡಿದವರು, ಕಟ್ಟಕಡೆಗೆ ಸಭಿಕರು. ಆಹ್ವಾನ ಪತ್ರಿಕೆಯಲ್ಲಿ ಬೇರೆ ಕ್ರಮವಿದ್ದರೆ ಅತಿಥಿಗಳ ಮಟ್ಟಿಗೆ ಅದನ್ನೇ ಅನುಸರಿಸುವುದು ಲೇಸು.

ಇಷ್ಟಾದರೂ ಬರಹ ಪೂರ್ಣವಲ್ಲ. ಬರುವೆನೆಂದವರು ಬಾರದಿರಬಹುದು, ನೆನೆಯದ ಸಹಾಯ ಒದಗಬಹುದು. ಆದುದರಿಂದ ಸಮಾರಂಭ ನಡೆಯುವಾಗ ಆ ಹಾಳೆಯೂ ಲೇಖನಿಯೂ ಕೈಯಲ್ಲಿರಬೇಕು. ಅಂದು ಸಭೆಯ ನಡುವೆ ವಿದ್ಯುತ್ತು ನಿಂತು, ಜವಾನರು ದೀಪ ತಂದಿರಿಸಿದರೆನ್ನೋಣ. ಅದನ್ನು ಅಲ್ಲಿಯೇ ಗುರುತು ಹಾಕಿಕೊಂಡ ವಿದ್ಯಾರ್ಥಿನಿಯ ತಿದ್ದಿದ ಬರಹ, ಹೆಸರುಗಳನ್ನು ಬಿಟ್ಟರೆ, ಹೀಗಾಗುತ್ತದೆ:

“ಗುಬ್ಬಿಯಿಂದ ಬಂದು ಸಮಾರಂಭವನ್ನು ಉದ್ಘಾಟಿಸಿ, ರಂಗಗೀತೆಗಳನ್ನು ಹಾಡಿದ ಕಲಾವಿದರಿಗೂ, ಕುಣಿಗಲಿನಿಂದ ಬಂದು ಹಳಗನ್ನಡವನ್ನು ಓದುವ ಬಗೆಯನ್ನು ತಿಳಿಸಿದ ಮುಖ್ಯ ಅತಿಥಿಗಳಿಗೂ, ಅಧ್ಯಕ್ಷತೆ ವಹಿಸಿ ಬಹುಮಾನಗಳನ್ನು ವಿತರಿಸಿದ ಪ್ರಾಂಶುಪಾಲರಿಗೂ ಕನ್ನಡ ಸಂಘದ ವಂದನೆಗಳು. ನಾಟಕ ಕಲಿಸಿದ ಅಧ್ಯಾಪಕರನ್ನೂ, ಬೆಳಗಿನಿಂದ ಕುರ್ಚಿಗಳನ್ನು ಜೋಡಿಸಿ, ಕತ್ತಲಾದಾಗ ದೀಪ ತಂದಿರಿಸಿದ ಜವಾನರನ್ನೂ ಸಂಘ ನೆನೆಯುತ್ತದೆ. ಕೊನೆಯವರೆಗೂ ಕುಳಿತು ಆಲಿಸಿದ ಸಭೆಗೆ ನಮಸ್ಕಾರ.”

ಈ ಬರಹದಲ್ಲಿ ವಾಕ್ಯಗಳು ಮೂರೇ. ನಿಧಾನವಾಗಿ ಓದಿದರೂ ಒಂದು ನಿಮಿಷ ಸಾಕು. ‘ವಂದನೆ’ ಎಂಬ ಮಾತು ಒಮ್ಮೆ ಮಾತ್ರ ಬಂದಿದ್ದರೂ ಯಾರ ಪಾಲಿಗೂ ಅದು ಕಡಿಮೆಯಾಗಿಲ್ಲ. ಸಂಕ್ಷೇಪವೆಂದರೆ ಜನರನ್ನು ಬಿಡುವುದಲ್ಲ, ಮಾತನ್ನು ಬಿಡುವುದು. ಮೊದಲ ಕರಡಿನಲ್ಲಿ ಕಾಣದಿದ್ದ ಜವಾನರು ಇಲ್ಲಿ ಸಭಾಂಗಣದ ಬಾಗಿಲ ಬಳಿ ನಿಂತು, ತಾವು ಮಾಡಿದ ಕೆಲಸವನ್ನು ಸಭೆ ಬಲ್ಲುದೆಂಬುದನ್ನು ತಮ್ಮ ಕಿವಿಯಿಂದಲೇ ಕೇಳುತ್ತಾರೆ.