ಪೈಜಾಮ ಒಂದೇ, ಸುಟ್ಟುಕೊಂಡವರು 234

ವಿದೇಶದಲ್ಲಿ ಎಂ.ಎಸ್. ಓದಲು ಹೊರಟವರು ಅಂಕಪಟ್ಟಿಯ ಜೊತೆಗೆ ಒಂದೆರಡು ಪುಟದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಕಳಿಸಬೇಕಾಗುತ್ತದೆ. ಹುಡುಗರ ಬಾಯಲ್ಲಿ ಅದು ಎಸ್‌ಒಪಿ. ಕೋಲಾರದ ಕಡೆಯ ವಿದ್ಯಾರ್ಥಿಯೊಬ್ಬ ತನ್ನದನ್ನು ತಂದು, "ಒಂದ್ಸಲ ನೋಡಿ ಸಾರ್" ಎಂದ. ಬಾಲ್ಯದಿಂದಲೂ ತಂತ್ರಜ್ಞಾನವೆಂದರೆ ಅಪಾರ ಕುತೂಹಲ ಎಂದು ಶುರುವಾಗಿತ್ತು. ಆ ವರ್ಷ ಅದೇ ಸಾಲನ್ನು ನಾನು ಓದಿದ್ದು ಅದು ಐದನೇ ಸಲ.

ಈ ಚಾಳಿ ನಮ್ಮದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಅರ್ಜಿಗಳನ್ನು ನಿರ್ವಹಿಸುವ ಯುಕಾಸ್ 2007ರಲ್ಲಿ ನಕಲು ಪತ್ತೆಗೆ ಕೈಹಾಕಿದಾಗ, 234 ಮಂದಿ ಎಂಟನೇ ವಯಸ್ಸಿನಲ್ಲಿ ರಾಸಾಯನಿಕ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡ ಕಥೆ ಬರೆದಿದ್ದು ಸಿಕ್ಕಿತು. ಜಾಲತಾಣದ ಮಾದರಿಯೊಂದರಲ್ಲಿದ್ದ ಪೈಜಾಮ ಅದು.

ನಮ್ಮ ಹುಡುಗನ ಎಸ್‌ಒಪಿ ಬದಿಗಿಟ್ಟು, "ಪ್ರಾಜೆಕ್ಟಿನಲ್ಲಿ ಏನು ಕೈಕೊಟ್ಟಿತು ಹೇಳಪ್ಪ" ಎಂದೆ. ಆಗ ಮಾತು ಹೊರಟಿತು. ಎಲೆಯ ಫೋಟೊ ನೋಡಿ ಟೊಮೇಟೊ ರೋಗ ಗುರುತಿಸುವ ಪ್ರೋಗ್ರಾಂ ಅವನದು. ಪ್ಲಾಂಟ್‌ವಿಲೇಜ್ ಎಂಬ ಸಂಗ್ರಹದ ಫೋಟೊಗಳಿಂದ ಅದನ್ನು ಪಳಗಿಸಿದ್ದ. ಕಾಲೇಜಿನಲ್ಲಿ ನೂರಕ್ಕೆ 96 ಸರಿ ಉತ್ತರ. ಅವರ ಚಿಕ್ಕಪ್ಪನ ತೋಟದಲ್ಲಿ ತೆಗೆದ 40 ಫೋಟೊ ಕೊಟ್ಟರೆ ಸರಿಯಾಗಿದ್ದು 17. ಮಳೆಗೆ ಸಿಡಿದ ಕೆಸರನ್ನೂ ಅದು ಅಂಗಮಾರಿ ಎಂದಿತ್ತು. ಆ ಸಂಗ್ರಹದಲ್ಲಿ ಎಲೆ ಕಿತ್ತು, ಬರಿಯ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳೇ ಹೆಚ್ಚು. ತೋಟದಲ್ಲಿ ನೆರಳು, ಮಣ್ಣು, ಒಂದರ ಮೇಲೊಂದು ಎಲೆ. ಹಿನ್ನೆಲೆ ಕತ್ತರಿಸಿ ಕೊಟ್ಟಾಗ 26ಕ್ಕೆ ಏರಿತು, ಮುಂದೆ ಹೋಗಲಿಲ್ಲ.

"ಇದನ್ನ್ಯಾಕೆ ಬರೆದಿಲ್ಲ?"

"ಸೋತಿದ್ದನ್ನ ಬರೆಯೋದಾ ಸಾರ್?"

ಬರೆಯಬೇಕಾದದ್ದು ಅದನ್ನೇ. ಅರ್ಜಿ ಓದುವ ಪ್ರಾಧ್ಯಾಪಕರು ಹುಡುಕುವುದು ಈತ ಸಂಶೋಧನೆಯಲ್ಲಿ ಎಡವಿದಾಗ ಏನು ಮಾಡುತ್ತಾನೆ ಎಂಬುದನ್ನು. ಕುತೂಹಲ, ಛಲ ಎಂಬ ಪದಗಳು ಅದಕ್ಕೆ ಉತ್ತರ ಕೊಡುವುದಿಲ್ಲ. 17 ಮತ್ತು 26 ಕೊಡುತ್ತವೆ. ಹೊಸ ಎಸ್‌ಒಪಿ ತೋಟದ ಆ 40 ಫೋಟೊಗಳಿಂದಲೇ ಶುರುವಾಯಿತು. ಬಾಲ್ಯ ಪೂರ್ತಿ ಹೋಯಿತು. 26ರಲ್ಲಿ ನಿಂತದ್ದು ಏಕೆ ಎಂಬ ಪ್ರಶ್ನೆಯೇ ಅವನು ಮುಂದೆ ಓದಲು ಕಾರಣವಾಯಿತು.

ತೊಡಕಾಗಿದ್ದು ಕೊನೆಯ ಪ್ಯಾರಾ. ವಿಶ್ವಮಟ್ಟದ ಬೋಧಕವರ್ಗ, ಅತ್ಯಾಧುನಿಕ ಪ್ರಯೋಗಾಲಯ ಎಂದೆಲ್ಲ ಹೊಗಳಿದ್ದ. ಅವರಿಗೆ ತಮ್ಮ ಪ್ರಯೋಗಾಲಯ ಗೊತ್ತಿಲ್ಲವೇ? ಹೊಗಳಿಕೆ ತೆಗೆಸಿ, ಒಬ್ಬ ಪ್ರಾಧ್ಯಾಪಕರ ಎರಡು ಪ್ರಬಂಧ ಓದಿಸಿದೆ. ಒಂದು ವಾರ ಹಿಡಿಯಿತು. ಅವರ ವಿಧಾನ ತನ್ನ ಕೆಸರಿನ ಸಮಸ್ಯೆಗೆ ಎಲ್ಲಿ ಒದಗೀತು, ಎಲ್ಲಿ ಒದಗದು ಎಂದು ನಾಲ್ಕು ಸಾಲು ಬರೆದ. ಎಂಟು ಕಡೆ ಅರ್ಜಿ ಹಾಕಿದರೆ ಎಂಟು ಸಲ ಈ ಕೆಲಸ ಮಾಡಬೇಕು, ಇದಕ್ಕೆ ಅಡ್ಡದಾರಿಯಿಲ್ಲ.

ನಿಮ್ಮದೂ ಸಿದ್ಧವಿದ್ದರೆ, ಆ ಪ್ಯಾರಾದಲ್ಲಿ ವಿಶ್ವವಿದ್ಯಾಲಯದ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿ ಓದಿ ನೋಡಿ. ಅರ್ಥ ಕೆಡದಿದ್ದರೆ ಮತ್ತೆ ಬರೆಯಿರಿ.