ಕೆಂಚನ ಬೆನ್ನ ಮೇಲೆ ನೂರು ಎಂಎಲ್

"ಆರ್‌ಎಲ್ ಒಂದು ಬಾಟಲಿ ಕೊಡಪ್ಪ" ಅಂದೆ. ಮೆಡಿಕಲ್ ಶಾಪಿನ ಹುಡುಗ "ಗ್ಲೂಕೋಸ್ ತಾನೆ ಮೇಡಂ?" ಅನ್ನುತ್ತ ಒಳಗೆ ಹೋಗಿ ಅರ್ಧ ಲೀಟರಿನ ಬಾಟಲಿಯೊಂದನ್ನು ತಂದು ಕೌಂಟರ್ ಮೇಲಿಟ್ಟ. ಓದಿ ನೋಡಿದರೆ ಡೆಕ್ಸ್ಟ್ರೋಸ್. ಅದನ್ನೇ ಮನೆಗೆ ತಂದಿದ್ದರೆ ಕೆಂಚನ ಪಾಡು ಕೆಡುತ್ತಿತ್ತು.

ಅವನದೇನೂ ತಪ್ಪಿಲ್ಲ. ಆಸ್ಪತ್ರೆಯಲ್ಲಿ ತೂಗುಬಿಡುವ ಎಲ್ಲ ಬಾಟಲಿಗೂ ನಾವು 'ಗ್ಲೂಕೋಸ್' ಅಂತಲೇ ಕರೆದು ರೂಢಿ. ನರಕ್ಕೆ ಹಾಕುವಾಗ ವೈದ್ಯರೇ ಆರಿಸುತ್ತಾರೆ, ಹೆಸರು ಏನಿದ್ದರೂ ನಡೆಯುತ್ತದೆ. ಚರ್ಮದಡಿಗೆ ಹಾಕುವಾಗ ಹಾಗಲ್ಲ. ಬರೀ ಡೆಕ್ಸ್ಟ್ರೋಸ್ ನೀರಿನಲ್ಲಿ ಉಪ್ಪಿನಂಶ ಇರುವುದಿಲ್ಲ. ಅದು ಚರ್ಮದ ಕೆಳಗೆ ನಿಂತಾಗ ಸುತ್ತಲಿನ ದೇಹದಿಂದ ಲವಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೊದಲೇ ಒಣಗಿದ ಪ್ರಾಣಿ ಇನ್ನಷ್ಟು ಸೋಲುತ್ತದೆ, ಹಾಕಿದ ಜಾಗ ಉರಿಯುತ್ತದೆ, ಕೀವಾಗಲೂಬಹುದು. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್, ರಕ್ತದ ಲವಣಗಳಿಗೆ ಹತ್ತಿರವಿರುವ ನೀರು. ಅದಾದರೆ ಚರ್ಮ ತಕರಾರಿಲ್ಲದೆ ಹೀರಿಕೊಳ್ಳುತ್ತದೆ. ಬಾಟಲಿ ಮೇಲಿನ ಹೆಸರನ್ನು ಪ್ರತಿ ಸಲ ಓದಿಯೇ ದುಡ್ಡು ಕೊಡುವ ಅಭ್ಯಾಸ ನನಗೆ ಅವತ್ತೇ ಬಂತು.

ಕೆಂಚ ನಮ್ಮ ಮನೆಯ ಕೆಂಪು ಬೆಕ್ಕು. ಹದಿನಾಲ್ಕು ವರ್ಷ. ಐದು ಕೆಜಿ ಇದ್ದವನು ಒಂದೇ ವರ್ಷದಲ್ಲಿ 3.8ಕ್ಕೆ ಇಳಿದಿದ್ದ. ಬಚ್ಚಲಿನ ಚೊಂಬಿಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದ, ಅವನ ಮರಳಿನ ತಟ್ಟೆ ದಿನಕ್ಕೆರಡು ಸಲ ತೊಯ್ದು ಮುದ್ದೆಯಾಗುತ್ತಿತ್ತು. "ಇಷ್ಟು ನೀರು ಕುಡೀತಾನಲ್ಲ, ಒಳ್ಳೇದೇ ಬಿಡು" ಅಂತ ಅಮ್ಮ ಅಂದಿದ್ದರು. ನಾನೂ ನಂಬಿದ್ದೆ. ಊಟ ಬಿಟ್ಟು ಮೂಲೆ ಸೇರಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 6.2 ಇತ್ತು. ಮೂರು ದಿನ ಕ್ಲಿನಿಕ್ಕಿನಲ್ಲಿ ನರಕ್ಕೆ ಡ್ರಿಪ್ ಹಾಕಿದ ಮೇಲೆ 3.9ಕ್ಕೆ ಬಂತು. ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. 2.9ರಿಂದ 5ರವರೆಗೆ ಮೂರನೆಯದು, ಅದರಾಚೆ ನಾಲ್ಕನೆಯದು. ನಮ್ಮವನು ನಾಲ್ಕರ ಹೊಸಿಲು ದಾಟಿ ಮೂರಕ್ಕೆ ಹಿಂತಿರುಗಿ ಬಂದಿದ್ದ.

ಬೆಕ್ಕು ಮೂಲತಃ ಒಣನೆಲದ ಪ್ರಾಣಿ. ಅದರ ಕಿಡ್ನಿಗೆ ನೀರನ್ನು ಹಿಂಡಿ ಉಳಿಸಿಕೊಂಡು ಗಟ್ಟಿ ಮೂತ್ರ ಮಾಡುವ ಚಾತುರ್ಯವಿದೆ. ಕಾಯಿಲೆಯಲ್ಲಿ ಮೊದಲು ಹೋಗುವುದೇ ಆ ಚಾತುರ್ಯ. ಕುಡಿದದ್ದೆಲ್ಲ ತೆಳ್ಳಗೆ ಹೊರಗೆ ಹೋಗುತ್ತದೆ, ಎಷ್ಟು ಕುಡಿದರೂ ಸಾಲುವುದಿಲ್ಲ. ದೇಹ ಒಣಗಿದರೆ ಮಲ ಕಲ್ಲಿನಂತಾಗುತ್ತದೆ, ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ, ಕಿಡ್ನಿಗೆ ರಕ್ತದ ಹರಿವೂ ಕಡಿಮೆಯಾಗುತ್ತದೆ. ಚರ್ಮದಡಿಗೆ ಹಾಕುವ ನೀರು ಈ ಕೊರತೆಯನ್ನು ತುಂಬಿಕೊಡುತ್ತದೆ, ಅಷ್ಟೆ. ಇದು ಡಯಾಲಿಸಿಸ್ ಅಲ್ಲ. ಸತ್ತ ಕಿಡ್ನಿ ಭಾಗ ಇದರಿಂದ ಮರಳಿ ಬರುವುದೂ ಇಲ್ಲ.

ಡಾಕ್ಟರು ಬರೆದುಕೊಟ್ಟದ್ದು ದಿನ ಬಿಟ್ಟು ದಿನ ನೂರು ಎಂಎಲ್. ಒಂದು ಡ್ರಿಪ್ ಸೆಟ್, ಒಂದು ಡಬ್ಬಿ 18 ನಂಬರಿನ ಸೂಜಿ. ಸೂಜಿಯಲ್ಲಿ ನಂಬರು ಇಳಿದಷ್ಟೂ ದಪ್ಪ ಏರುತ್ತದೆ. ಗುಲಾಬಿ ಬುಡದ 18 ನೋಡಿ ಎದೆ ಝಲ್ಲೆಂದು, ನಾನೇ ಜಾಣತನ ಮಾಡಿ ಸಣ್ಣಗಿರಲೆಂದು ಕಪ್ಪು ಬುಡದ 22 ತಂದಿದ್ದೆ. ನೂರು ಎಂಎಲ್ ಇಳಿಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಚುಚ್ಚಿದ್ದನ್ನು ಸಹಿಸಿದ ಕೆಂಚ ಅಷ್ಟು ಹೊತ್ತು ಹಿಡಿದು ಕೂರಿಸಿದ್ದನ್ನು ಸಹಿಸಲಿಲ್ಲ. ದಪ್ಪ ಸೂಜಿಯಲ್ಲಿ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ನಡುವಿನ ದಾರಿ ಬೇಕೆಂದರೆ ಹಳದಿ ಬುಡದ 20 ಇದೆ.

ಕೆಲಸ ಶುರುವಾಗುವುದು ಅಡುಗೆಮನೆಯಲ್ಲಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡುತ್ತೇವೆ. ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಕಿಟಕಿಯ ಸರಳಿಗೆ, ಬೆಕ್ಕಿಗಿಂತ ಮೂರಡಿ ಎತ್ತರದಲ್ಲಿ ಬಾಟಲಿ ತೂಗುಹಾಕಿ, ಕೊಳವೆಯೊಳಗಿನ ಗಾಳಿ ಹೋಗುವವರೆಗೆ ಸ್ವಲ್ಪ ನೀರು ಹರಿಸಿ ಗಾಲಿ ಮುಚ್ಚುತ್ತೇನೆ. ಒಂದೆರಡು ಗುಳ್ಳೆ ಚರ್ಮದಡಿಗೆ ಹೋದರೂ ಗಾಬರಿ ಬೇಡ. ನರಕ್ಕೆ ಗಾಳಿ ಹೋದಷ್ಟು ಅಪಾಯ ಇಲ್ಲಿಲ್ಲ, ಮುಟ್ಟಿದರೆ ಚರ್ಮದಡಿ ಚರಚರ ಅನ್ನುತ್ತದೆ ಅಷ್ಟೆ. ಸೂಜಿ ಮಾತ್ರ ಪ್ರತಿ ಸಲವೂ ಹೊಸದು. ಒಮ್ಮೆ ಚುಚ್ಚಿದ ಸೂಜಿ ಮೊಂಡಾಗಿರುತ್ತದೆ, ಮೈಲಿಗೆಯನ್ನೂ ಬಾಟಲಿಯ ಕಡೆಗೆ ಒಯ್ಯುತ್ತದೆ.

ಕೆಂಚನಿಗೆ ಹಳೆಯ ಮೊರವೊಂದರ ಮೇಲೆ ಮಲಗುವ ಚಟ. ಹಾಗಾಗಿ ಅವನ ಆಸ್ಪತ್ರೆ ಆ ಮೊರವೇ. ಅಮ್ಮ ಮುಂದೆ ಕೂತು ಗದ್ದ ಕೆರೆಯುತ್ತಾರೆ. ನಾನು ಹಿಂದಿನಿಂದ, ಎರಡು ಭುಜದೆಲುಬುಗಳ ನಡುವಿನ ಸಡಿಲ ಚರ್ಮವನ್ನು ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಎತ್ತಿ, ತೋರುಬೆರಳಿನಿಂದ ಮೇಲಿಂದ ಒತ್ತುತ್ತೇನೆ. ಪುಟ್ಟ ಗುಡಾರದ ಬಾಗಿಲಿನಂತೆ ಒಂದು ತಗ್ಗು ಕಾಣುತ್ತದೆ. ಸೂಜಿಯ ಓರೆಯಾಗಿ ಕೊಯ್ದ ಬಾಯಿ ಮೇಲ್ಮುಖವಾಗಿರಬೇಕು. ಬೆನ್ನಿಗೆ ಸಮಾನಾಂತರವಾಗಿ, ಆ ಬಾಗಿಲಿನೊಳಕ್ಕೆ ಒಂದೇ ಸಲಕ್ಕೆ. ಹೆದರಿ ನಿಧಾನವಾಗಿ ಒತ್ತಿದರೇ ಹೆಚ್ಚು ನೋವು. ಚರ್ಮ ದಾಟಿದಾಗ 'ಟಪ್' ಎಂದು ಕೈಗೆ ತಿಳಿಯುತ್ತದೆ. ಆಮೇಲೆ ಎತ್ತಿದ ಚರ್ಮ ಬಿಟ್ಟು, ಗಾಲಿ ತೆರೆಯುವುದು.

ಮೊದಲ ವಾರ ನನ್ನ ಸೂಜಿ ಗುಡಾರದ ಆಚೆ ಗೋಡೆಯನ್ನೂ ತೂತು ಮಾಡಿ ಹೊರಗೆ ಇಣುಕಿತ್ತು. ಹನಿಗಳು ಚೆನ್ನಾಗಿ ಬೀಳುತ್ತಿದ್ದವು, ನಾನು ಹಿಗ್ಗುತ್ತಿದ್ದೆ. "ಏನೇ ಇದು, ಉಚ್ಚೆ ಹೊಯ್ದನಾ?" ಅಂತ ಅಮ್ಮ ಕೇಳಿದಾಗ ನೋಡಿದರೆ, ಮೊರವೆಲ್ಲ ಒದ್ದೆ. ಬೆನ್ನ ಮೇಲೆ ಒಂದು ಗಡ್ಡೆ ಉಬ್ಬುತ್ತ ಬರುವುದೇ ನೀರು ಒಳಗೆ ಹೋಗುತ್ತಿದೆ ಅನ್ನುವುದಕ್ಕೆ ಗುರುತು. ಹರಿವು ನಿಂತರೆ ಸೂಜಿಯ ಬಾಯಿ ಎಲ್ಲೋ ಮಾಂಸಕ್ಕೆ ತಾಗಿರುತ್ತದೆ, ಕೂದಲೆಳೆಯಷ್ಟು ತಿರುಗಿಸಿದರೆ ಮತ್ತೆ ಹರಿಯುತ್ತದೆ. ಮುಗಿದ ಮೇಲೆ ಸೂಜಿ ತೆಗೆದು ಆ ಜಾಗವನ್ನು ಒಂದು ನಿಮಿಷ ಚಿವುಟಿ ಹಿಡಿಯಬೇಕು. ಆದರೂ ನಾಲ್ಕು ಹನಿ ಸೋರುತ್ತದೆ, ಕೆಲವೊಮ್ಮೆ ತಿಳಿಗೆಂಪಾಗಿ. ಅದಕ್ಕೆ ಹೆದರಬೇಕಿಲ್ಲ. ಆ ಗಡ್ಡೆ ಭಾರಕ್ಕೆ ಜಾರಿ ಮುಂಗಾಲಿನ ಮೊಣಕೈ ಹತ್ತಿರ ಚೀಲದಂತೆ ಜೋಲುವುದೂ ಸಹಜ. ಅರ್ಧ ದಿನದೊಳಗೆ ಕರಗುತ್ತದೆ. ಅದು ಬಿಸಿಯಾಗಿ, ಮುಟ್ಟಿದರೆ ಬೆಕ್ಕು ಕಿರುಚುವಂತಾದರೆ ಮಾತ್ರ ಕೀವಾಗುತ್ತಿದೆ ಎಂದು ತಿಳಿದು ವೈದ್ಯರ ಹತ್ತಿರ ಓಡಬೇಕು.

ಇಷ್ಟೂ ಒಂದು ತಿಂಗಳಲ್ಲಿ ಕೈಗೆ ಹತ್ತಿತು. ಹತ್ತದೆ ಕಾಡಿದ್ದು ಅಳತೆ. ಬಾಟಲಿಯ ಮೇಲಿನ ಗೆರೆಗಳನ್ನು ನಂಬಲು ಆಗುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ಖಾಲಿಯಾಗುತ್ತ ಒಳಕ್ಕೆ ಕುಗ್ಗುತ್ತದೆ, ನೀರಿನ ಮಟ್ಟ ಇದ್ದದ್ದಕ್ಕಿಂತ ಮೇಲೇ ಕಾಣುತ್ತದೆ. ನೂರು ಅಂದುಕೊಂಡು ನೂರಮೂವತ್ತು ಹಾಕಿರುತ್ತೇವೆ. ಇದಕ್ಕೆ ಉಪಾಯ ಅಡುಗೆಮನೆಯ ತಕ್ಕಡಿ. ಒಂದು ಎಂಎಲ್ ಆರ್‌ಎಲ್ ಹೆಚ್ಚುಕಮ್ಮಿ ಒಂದು ಗ್ರಾಂ ತೂಗುತ್ತದೆ. ಬಾಟಲಿಯನ್ನು ಕೊಳವೆ ಸಮೇತ ಮೊದಲೊಮ್ಮೆ, ನಡುವೆ ಒಮ್ಮೆ ತೂಗಿದರೆ ಲೆಕ್ಕ ಪಕ್ಕಾ. ಐವತ್ತು ಎಂಎಲ್ ಸಿರಿಂಜಿನಲ್ಲಿ ಎರಡು ಸಲ ತುಂಬಿ, ಸಣ್ಣ ಕೊಳವೆಯಿರುವ ಚಿಟ್ಟೆ ಸೂಜಿಯ ಮೂಲಕ ತಳ್ಳುವವರೂ ಇದ್ದಾರೆ. ಅಲ್ಲಿ ಅಳತೆ ತಪ್ಪುವುದಿಲ್ಲ, ಕೈ ಮಾತ್ರ ಸೋಲುತ್ತದೆ.

ಮೂವತ್ತು ಎಂಎಲ್ ಹೆಚ್ಚಾದರೆ ಏನಂತೆ, ನೀರು ತಾನೆ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬಾಯಿಂದ ಕುಡಿದ ನೀರಿಗೂ ಇದಕ್ಕೂ ವ್ಯತ್ಯಾಸ ಉಪ್ಪಿನದು. ನೂರು ಎಂಎಲ್ ಆರ್‌ಎಲ್‌ನಲ್ಲಿ ಮುಕ್ಕಾಲು ಗ್ರಾಂ ಉಪ್ಪಿಗೆ ಸಮನಾದ ಸೋಡಿಯಂ ಇರುತ್ತದೆ. ಅದು ಹೊರಗೆ ಹೋಗುವವರೆಗೆ ನೀರನ್ನು ರಕ್ತದಲ್ಲೇ ಕಟ್ಟಿ ಹಿಡಿದಿರುತ್ತದೆ. ಆ ಹೊರೆಯನ್ನು ತಳ್ಳುವ ಕೆಲಸ ಹೃದಯದ್ದು. ಮುದಿ ಬೆಕ್ಕುಗಳಲ್ಲಿ ಹೃದಯದ ದೋಷ ಹೊರಗೆ ಏನೂ ತೋರಿಸದೆ ಅಡಗಿರುವುದುಂಟು.

ಕೆಂಚನ ಲೆಕ್ಕ ಬರೆಯಲು ಹಾಲಿನ ಲೆಕ್ಕದ ಹಳೇ ಪುಸ್ತಕವೇ ಸಾಕಾಯಿತು. ನೀರು ಹಾಕುವ ಮೊದಲು ತೂಕ, ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು, ಎರಡೇ ಅಂಕಣ. ಗಾಢ ನಿದ್ದೆಯಲ್ಲಿ ಪಕ್ಕೆ ಏರಿಳಿದದ್ದನ್ನು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದು. ಮೂವತ್ತರೊಳಗಿದ್ದರೆ ಸರಿ. ಅವನದು 22, 24 ಹೀಗೇ ಇತ್ತು. ನೂರು ಎಂಎಲ್ ಹಾಕಿದ ರಾತ್ರಿ ತೂಕ 3.9 ಆಗಿ, ಮರುದಿನ ಸಂಜೆಗೆ ಮತ್ತೆ 3.8ಕ್ಕೆ ಇಳಿಯುತ್ತಿತ್ತು.

ಐದನೆಯ ತಿಂಗಳು, ಒಂದು ಭಾನುವಾರ, ಹಾಕುವ ಸರದಿ. ತೂಗಿದರೆ 4.05. ಅಮ್ಮನಿಗೆ ಖುಷಿ, "ನೋಡು, ಮೈ ಹಿಡಿದ್ಕೊಂಡ" ಅಂದರು. ಊಟವೇನೂ ಹೆಚ್ಚಾಗಿರಲಿಲ್ಲ. ಎರಡು ದಿನದಲ್ಲಿ ಕಾಲು ಕೆಜಿ ಮಾಂಸ ಬರುವುದೂ ಇಲ್ಲ. ಮೊಣಕೈ ಹತ್ತಿರ ಹಿಂದಿನ ಸಲದ ನೀರಿನ ಚೀಲ ಇನ್ನೂ ಜೋಲುತ್ತಿತ್ತು. ಉಸಿರು ಎಣಿಸಿದೆ, 38. ಇನ್ನೊಮ್ಮೆ ಎಣಿಸಿದೆ, 40. ಬಿಸಿನೀರಿನಲ್ಲಿದ್ದ ಬಾಟಲಿಯನ್ನು ಅಲ್ಲೇ ಬಿಟ್ಟು ಅವನನ್ನು ಬುಟ್ಟಿಗೆ ಹಾಕಿಕೊಂಡು ಹೊರಟೆವು.

ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಸುತ್ತ ನೀರು ಕಂಡಿತು. ಡಾಕ್ಟರು ಸೂಜಿಯಲ್ಲಿ ಅದನ್ನು ತೆಗೆದರು, ಹೃದಯದ ಸ್ಕ್ಯಾನ್ ಮಾಡಿಸಿದರು. ಗೋಡೆ ದಪ್ಪಗಾಗಿತ್ತು. "ಕಿಡ್ನಿ ನೀರು ಕೇಳುತ್ತೆ, ಹೃದಯ ಬೇಡ ಅನ್ನುತ್ತೆ. ಇನ್ಮೇಲೆ ಇಬ್ಬರ ಜಗಳ ಬಿಡಿಸೋದೇ ನಮ್ಮ ಕೆಲಸ ಮೇಡಂ" ಅಂದರು. ಹತ್ತು ದಿನ ಪೂರಾ ನಿಲ್ಲಿಸಿದೆವು. ಬಾಯಿಂದ ಹೋಗುವ ನೀರು ಹೃದಯಕ್ಕೆ ಅಷ್ಟು ಭಾರವಲ್ಲವಾದ್ದರಿಂದ ಒಣ ಕಾಳು ಬಿಟ್ಟು, ಹಸಿ ಆಹಾರಕ್ಕೆ ನಾಲ್ಕೈದು ಚಮಚ ಬೆಚ್ಚನೆ ನೀರು ಕಲಸಿ ಗಂಜಿಯಂತೆ ಕೊಡಲು ಶುರುಮಾಡಿದೆವು. ಮತ್ತೆ ರಕ್ತ ನೋಡಿ, ವಾರಕ್ಕೆರಡು ಸಲ ಐವತ್ತು ಎಂಎಲ್ ಎಂದು ಹೊಸ ಚೀಟಿ ಬರೆದುಕೊಟ್ಟರು.

ಹೊಸ ಲೆಕ್ಕದಲ್ಲಿ ಒಂದು ಬಾಟಲಿ ಮುಗಿಯಲು ಐದು ವಾರ ಬೇಕು. ಅಷ್ಟು ದಿನ ತೆರೆದ ಬಾಟಲಿ ಇಡುವ ಹಾಗಿಲ್ಲ. ವಾರಕ್ಕೊಂದು ಒಡೆದು, ನೂರು ಬಳಸಿ, ಮಿಕ್ಕ ನಾನೂರನ್ನು ಚೆಲ್ಲುತ್ತೇವೆ. ಚೆಲ್ಲುವುದು ಅಮ್ಮನಿಗೆ ಒಪ್ಪದ ಮಾತು. ದಾಸವಾಳಕ್ಕೆ ಹಾಕಲಾ ಅಂತ ಕೇಳಿದರು. ಉಪ್ಪುನೀರಮ್ಮ ಅದು, ಗಿಡ ಒಣಗುತ್ತೆ ಅಂದೆ. ಬಳಸಿದ ಸೂಜಿಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಕೂಡುತ್ತಿವೆ, ತುಂಬಿದಾಗ ಕ್ಲಿನಿಕ್ಕಿಗೆ ಕೊಟ್ಟುಬಂದರೆ ಕಸದವರ ಕೈಗೆ ಚುಚ್ಚುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ನಿನ್ನೆಯ ಸಾಲು ಅಮ್ಮನ ಅಕ್ಷರದಲ್ಲಿದೆ: ತೂಕ 3.7, ಉಸಿರು 24, ಮೀನು ತಿಂದ.